ಪೂರ್ಣವಿರಾಮದ ಹಿಂದಿನ ಪದ



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವ ನಾನು ಬಿಡುವಿನಲ್ಲಿ ಸಣ್ಣಕಥೆ ಬರೆಯುತ್ತೇನೆ. ಇವತ್ತು ನನ್ನದೇ ಒಂದು ತಪ್ಪಿನ ಬಗ್ಗೆ ಹೇಳುತ್ತೇನೆ.

ತೀರಿಕೊಂಡ ಅಪ್ಪನ ಸೈಕಲ್ ಅಂಗಡಿಯ ಮೇಲೆ ಒಂದು ಕಥೆ ಬರೆದು ಅಕ್ಕನಿಗೆ ಓದಲು ಕೊಟ್ಟೆ. ಓದಿ ಮುಗಿಸಿ, "ಇದರಲ್ಲಿ ಅಪ್ಪ ಇದ್ದಾರೋ, ಹೋಗಿಬಿಟ್ಟಿದ್ದಾರೋ?" ಎಂದು ಕೇಳಿದಳು. ಅವಳು ತೋರಿಸಿದ ಸಾಲುಗಳು ಇವು:

"ಮಳೆ ಜೋರಾಯಿತು. ಅಂಗಡಿಯಲ್ಲಿ ಗಿರಾಕಿಗಳು ಇಲ್ಲ. ಅಪ್ಪ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಾರೆ. ತೂತು ಸಿಕ್ಕಿತು. ಇನ್ನು ಯಾರೂ ಬರುವುದಿಲ್ಲ ಎಂದುಕೊಂಡು ಬಾಗಿಲು ಹಾಕಿದರು."

ಕಥೆ ನಡೆದುಹೋದದ್ದು. ಆದರೆ ನಡುವೆ ಎರಡು ವಾಕ್ಯ ಕಾರಣವಿಲ್ಲದೆ ವರ್ತಮಾನಕ್ಕೆ ಜಾರಿವೆ. ಕನ್ನಡದಲ್ಲಿ 'ನೋಡುತ್ತಾರೆ' ಎಂದರೆ ಈಗ ನೋಡುತ್ತಾರೆ, ದಿನಾ ನೋಡುತ್ತಾರೆ, ನಾಳೆ ನೋಡುತ್ತಾರೆ, ಮೂರೂ ಆಗುತ್ತದೆ. ಅಕ್ಕ ಅದನ್ನು 'ದಿನಾ' ಎಂದು ಓದಿಕೊಂಡಳು. ಅಪ್ಪ ಬದುಕಿದ್ದಾರೆ ಎಂದು ಅವಳಿಗೆ ಅನ್ನಿಸಿದ್ದು ಅಲ್ಲಿಯೇ.

ಇದು ಹೇಗಾಯಿತು ಎಂದರೆ, ಮೊದಲ ಸಾಲನ್ನು ಒಂದು ಭಾನುವಾರ ನೆನಪಿನಿಂದ ಬರೆದಿದ್ದೆ. ಎರಡು ವಾರ ಬಿಟ್ಟು ಮತ್ತೆ ಕೂತಾಗ ಅಂಗಡಿ ಸಿನಿಮಾದ ಹಾಗೆ ಕಣ್ಣಮುಂದೆ ಬಂತು. ಕಂಡದ್ದನ್ನು ಕಂಡ ಹಾಗೇ ಬರೆದುಬಿಟ್ಟೆ.

ತಿದ್ದಲು ನಾನು ಮಾಡಿದ್ದು ಇಷ್ಟೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಒಂದೊಂದು ವಾಕ್ಯವನ್ನು ಒಂದೊಂದು ಸಾಲಿಗೆ ಹಾಕಿ, ಕೊನೆಯ ಪದವನ್ನು ಮಾತ್ರ ಓದಿದೆ: ಜೋರಾಯಿತು, ಇಲ್ಲ, ನೋಡುತ್ತಾರೆ, ಸಿಕ್ಕಿತು, ಹಾಕಿದರು. ಎಡವಿದ ಜಾಗ ತಾನಾಗಿ ಕಂಡಿತು. 'ಇಲ್ಲ' ಹೋಗಿ 'ಇರಲಿಲ್ಲ' ಆಯಿತು. ಈ 'ಇಲ್ಲ' ಮಹಾ ಕಳ್ಳ, ಎಷ್ಟು ಸಲ ಓದಿದರೂ ತಪ್ಪಿಸಿಕೊಳ್ಳುತ್ತದೆ. 'ನೋಡುತ್ತಾರೆ' ಎಂಬುದು 'ನೋಡಿದರು' ಆಯಿತು. ಆ ಕಾಲದ ದಿನನಿತ್ಯದ ರೂಢಿ ಹೇಳುವುದಾಗಿದ್ದರೆ 'ನೋಡುತ್ತಿದ್ದರು' ಎನ್ನಬೇಕಿತ್ತು. 'ಬರುವುದಿಲ್ಲ ಎಂದುಕೊಂಡು' ಎಂಬುದನ್ನು ಮುಟ್ಟಲಿಲ್ಲ. ಅದು ಆ ಹೊತ್ತಿನಲ್ಲಿ ಅಪ್ಪನ ಮನಸ್ಸು ಆಡಿದ ಮಾತು. ಕಥೆಯ ಕಾಲ ನಿಂತಿರುವುದು 'ಹಾಕಿದರು' ಎಂಬಲ್ಲಿ. ಪಾತ್ರಗಳ ಸಂಭಾಷಣೆಗೂ ಇದೇ ಲೆಕ್ಕ.

ಕಾಲ ದಾಟಿದ್ದೆಲ್ಲ ತಪ್ಪಲ್ಲ. ಜಗಲಿಯ ಮೇಲೆ ಕೂತು ನಮ್ಮ ಹಿರಿಯರು, "ಬಾಗಿಲು ತೆಗೆದೆ, ನೋಡ್ತೀನಿ, ಹಾವು! ಎದ್ದೆನೋ ಬಿದ್ದೆನೋ ಅಂತ ಓಡಿದೆ" ಎನ್ನುವುದಿಲ್ಲವೇ? ಕೇಳುವವನೂ ಆ ಬಾಗಿಲಲ್ಲಿ ನಿಲ್ಲಲಿ ಎಂದೇ ಆ 'ನೋಡ್ತೀನಿ'. ಹಾವು ಕಂಡ ಕೂಡಲೇ ಮಾತು ಹಿಂದಿನ ಕಾಲಕ್ಕೆ ವಾಪಸು ಬರುತ್ತದೆ.

ನನ್ನ ಕಥೆಯ ಕೊನೆಯಲ್ಲೂ ಒಂದು ವರ್ತಮಾನ ಉಳಿಸಿಕೊಂಡೆ: "ಆ ನೀರಿನ ಬಾಣಲೆ ಈಗಲೂ ಇದೆ." ಅದು ಕಥೆ ಹೇಳುವವನ ಇವತ್ತು. ತಿದ್ದಿದ ಪ್ರತಿ ಓದಿದಾಗ ಅಕ್ಕ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಬಾಣಲೆ ಹಿತ್ತಲಲ್ಲಿದೆ, ಒಳಗೆ ತಂದಿಡು" ಎಂದಳು.