ಇಪ್ಪತ್ತೆರಡು ಶ್ರುತಿ: ತಾಳೆಯಾಗದ ಒಂದು ಲೆಕ್ಕ

ಇವತ್ತಿನ ಸಂಚಿಕೆ ಒಂದು ತಿದ್ದುಪಡಿ. ಹಿಂದೊಂದು ಸಂಚಿಕೆಯಲ್ಲಿ ನಾನು ಬಹಳ ಧೈರ್ಯವಾಗಿ ಒಂದು ಮಾತು ಹೇಳಿದ್ದೆ: ಪಾಶ್ಚಾತ್ಯ ಸಂಗೀತದಲ್ಲಿ ಸ್ಥಾಯಿಗೆ ಹನ್ನೆರಡೇ ಸ್ವರ, ನಮ್ಮಲ್ಲಿ ಇಪ್ಪತ್ತೆರಡು, ಹಾರ್ಮೋನಿಯಂನಲ್ಲಿ ಸಿಗದ ಆ ಹತ್ತು ನಮ್ಮ ಗಾಯಕರ ಗಂಟಲಲ್ಲಿವೆ ಅಂತ. ಸುಮಾರು ಜನ ಅದನ್ನ ಶೇರ್ ಮಾಡಿದ್ರು. ಚಿಕ್ಕಂದಿನಲ್ಲಿ ನನಗೆ ಪಾಠ ಹೇಳಿದ ಪಿಟೀಲು ಮೇಷ್ಟ್ರೂ ಕೇಳಿಸಿಕೊಂಡರು. ಫೋನ್ ಮಾಡಿ, "ಚೆನ್ನಾಗಿ ಮಾತಾಡ್ತೀಯಮ್ಮ. ಆ ಇಪ್ಪತ್ತೆರಡನ್ನೂ ಒಂದಾದ ಮೇಲೊಂದು ಹಾಡಿ ತೋರಿಸು ನೋಡೋಣ" ಅಂದ್ರು. ನನ್ನಿಂದ ಆಗಲಿಲ್ಲ. "ನಿಮಗೆ ಬರುತ್ತಾ ಸಾರ್?" ಅಂತ ಕೇಳಿದೆ. "ಐವತ್ತು ವರ್ಷದಿಂದ ನುಡಿಸ್ತಿದ್ದೀನಿ, ನನಗೂ ಬರಲ್ಲ" ಅಂದ್ರು.

ನಾನು ಓದಿದ್ದು ಬಿ.ಕಾಂ. ಲೆಕ್ಕ ತಾಳೆಯಾಗದಿದ್ರೆ ಮೂಲ ವೋಚರ್ ತೆಗೆದು ನೋಡು ಅನ್ನೋದಷ್ಟೇ ನಮಗೆ ಗೊತ್ತು. ಹಾಗಾಗಿ ಮೂಲಕ್ಕೇ ಹೋದೆ. ಭರತನ ನಾಟ್ಯಶಾಸ್ತ್ರ.

ಭರತ ಶ್ರುತಿ ಎಣಿಸೋದು ಸ್ವರ ಸ್ವರಗಳ ನಡುವಿನ ಅಂತರಕ್ಕೆ. ಷಡ್ಜಗ್ರಾಮ ಅನ್ನೋ ಶ್ರುತಿಕ್ರಮದಲ್ಲಿ ಸ-ಗೆ ನಾಲ್ಕು, ರಿ-ಗೆ ಮೂರು, ಗ-ಗೆ ಎರಡು, ಮ-ಗೆ ನಾಲ್ಕು, ಪ-ಗೆ ನಾಲ್ಕು, ದ-ಗೆ ಮೂರು, ನಿ-ಗೆ ಎರಡು. ಕೂಡಿಸಿದರೆ ಇಪ್ಪತ್ತೆರಡು. ಇಲ್ಲಿ ಸ್ವರ ಏಳೇ. ಇಪ್ಪತ್ತೆರಡು ಅನ್ನೋದು ಅಳತೆ. ಎರಡು ಸ್ವರದ ಮಧ್ಯೆ ಒಂಬತ್ತು ಅಥವಾ ಹದಿಮೂರು ಶ್ರುತಿ ಇದ್ದರೆ ಅವು ಸಂವಾದಿ, ಅಂದ್ರೆ ಒಟ್ಟಿಗೆ ಮೀಟಿದಾಗ ಹೊಂದಿಕೊಳ್ಳುತ್ತವೆ. ನಮ್ಮ ಸ-ಮ ಮತ್ತು ಸ-ಪ ಥರ.

ಇನ್ನೊಂದು ಕ್ರಮ ಇದೆ, ಮಧ್ಯಮಗ್ರಾಮ. ಅದರಲ್ಲಿ ಪಂಚಮವನ್ನ ಒಂದು ಶ್ರುತಿ ಇಳಿಸಬೇಕು. ಹೌದು, ಪಂಚಮವನ್ನೇ! ಸ ಮತ್ತು ಪ ಅಲ್ಲಾಡೋದೇ ಇಲ್ಲ ಅಂತ ಕಲಿತ ನಮಗೆ ಇದು ಗಾಬರಿಯ ಮಾತು. ಆದರೆ ಆಗಿನ ವೀಣೆಗೆ ಮೆಟ್ಟಿಲೇ ಇರಲಿಲ್ಲ, ಸ್ವರಕ್ಕೊಂದು ತಂತಿ. ಹಿಂದೆ ತಂಬೂರಿಯೂ ಇರಲಿಲ್ಲ. ತಂತಿ ಸಡಿಲಿಸಿದರೆ ಪಂಚಮ ಇಳಿಯುತ್ತೆ, ಅಷ್ಟೆ. ಯಾಕೆ ಇಳಿಸ್ತಾರೆ ಅಂದ್ರೆ, ಷಡ್ಜಗ್ರಾಮದಲ್ಲಿ ರಿ-ಪ ನಡುವೆ ಹತ್ತು ಶ್ರುತಿ ಇದೆ, ಸಂವಾದ ಇಲ್ಲ. ಒಂದು ಇಳಿಸಿದರೆ ಒಂಬತ್ತಾಗಿ ಹೊಂದಿಕೊಳ್ಳುತ್ತೆ. ಹಾಗೆ ಇಳಿಸಿದ ಆ ಚೂರಿಗೆ ಪ್ರಮಾಣ ಶ್ರುತಿ ಅಂತ ಹೆಸರು.

ಈಗ ಭರತ ಒಂದು ಪ್ರಯೋಗ ಹೇಳ್ತಾನೆ. ಒಂದೇ ಥರ ಶ್ರುತಿ ಮಾಡಿದ ಎರಡು ವೀಣೆ ತಗೊಳ್ಳಿ. ಒಂದನ್ನ ಮುಟ್ಟಬೇಡಿ. ಇನ್ನೊಂದರಲ್ಲಿ ಪಂಚಮವನ್ನ ಪ್ರಮಾಣ ಶ್ರುತಿಯಷ್ಟು ಇಳಿಸಿ, ಉಳಿದ ಆರು ತಂತಿಗಳನ್ನೂ ಆ ಪಂಚಮಕ್ಕೆ ಹೊಂದಿಸಿ ಮತ್ತೆ ಷಡ್ಜಗ್ರಾಮ ಮಾಡಿ. ಇಡೀ ವೀಣೆ ಒಂದು ಶ್ರುತಿ ಕೆಳಗೆ ಬಂತು. ಎರಡನೇ ಸಲ ಇಳಿಸಿದಾಗ ಅದರ ಗ ಮತ್ತು ನಿ, ಮುಟ್ಟದ ವೀಣೆಯ ರಿ ಮತ್ತು ದ ಜೊತೆ ಸೇರುತ್ತವೆ. ಮೂರನೇ ಸಲ ರಿ-ದ ಹೋಗಿ ಸ-ಪ ಜೊತೆ ಸೇರುತ್ತವೆ. ನಾಲ್ಕನೇ ಸಲ ಪ, ಮ, ಸ ಮೂರೂ ಕೆಳಗಿನ ಮ, ಗ, ನಿ ಜೊತೆ ಸೇರುತ್ತವೆ. ಎರಡು ಶ್ರುತಿಯ ಸ್ವರ ಎರಡು, ಮೂರರವು ಎರಡು, ನಾಲ್ಕರವು ಮೂರು. ನಾಲ್ಕು, ಆರು, ಹನ್ನೆರಡು. ಒಟ್ಟು ಇಪ್ಪತ್ತೆರಡು. ಪುರಾವೆ ಸಿಕ್ಕಿತು.

ಸಿಕ್ಕಿತಾ? ಅಳೆದು ನೋಡೋಣ. ಒಂದು ಸ್ಥಾಯಿಗೆ 1200 ಸೆಂಟ್ ಅಂತ ಇಟ್ಟುಕೊಳ್ಳಿ, ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗೆ ನೂರು. ಶುದ್ಧವಾಗಿ ಸೇರಿದ ಪಂಚಮ 702ರಲ್ಲಿ, ಮಧ್ಯಮ 498ರಲ್ಲಿ ಕೂರುತ್ತೆ. ಧೈವತವನ್ನ ಮಧ್ಯಮದ ಜೊತೆ ಹಿತವಾಗಿ ಕೇಳೋ ಹಾಗೆ ಇಟ್ಟರೆ 884, ಅದಕ್ಕೆ ಸಂವಾದಿಯಾದ ರಿಷಭ 182. ಈ ರಿಷಭಕ್ಕೆ ಪಂಚಮ ಸಂವಾದಿಯಾಗಬೇಕಾದ್ರೆ 680ಕ್ಕೆ ಇಳಿಯಬೇಕು. ಅಂದ್ರೆ ಪ್ರಮಾಣ ಶ್ರುತಿ ಸುಮಾರು 22 ಸೆಂಟ್. (ಈ 22ಕ್ಕೂ ಆ 22ಕ್ಕೂ ಸಂಬಂಧ ಇಲ್ಲ, ಕಾಕತಾಳೀಯ. ನಾನೇ ಅರ್ಧ ದಿನ ಒದ್ದಾಡಿದ್ದೀನಿ.)

ಸರಿ, ಮೊದಲ ಸಲ 22 ಇಳಿಸಿದ್ವಿ. ಎರಡನೇ ಸಲ ಗಾಂಧಾರ ಹೋಗಿ ರಿಷಭಕ್ಕೆ ಸೇರಬೇಕು. ಗಾಂಧಾರ ಇರೋದು 294ರಲ್ಲಿ, ರಿಷಭ 182ರಲ್ಲಿ, ಮಧ್ಯೆ 112. ಇನ್ನೊಂದು 22 ಇಳಿಸಿದರೆ ಒಟ್ಟು 44 ಆಯ್ತು, ಅರ್ಧ ದಾರಿಯೂ ಸಾಗಿಲ್ಲ. ಸೇರಿಸಲೇಬೇಕು ಅಂದ್ರೆ ಎರಡನೇ ಸಲ 90 ಇಳಿಸಬೇಕು. ಮೂರನೇ ಸಲ ರಿಷಭ ಷಡ್ಜಕ್ಕೆ ಸೇರೋಕೆ ಮತ್ತೆ 70. ನಾಲ್ಕನೇ ಸಲ 22. ನಾಲ್ಕು ಸಲ ಇಳಿಸಿದ್ದರಲ್ಲಿ ಮೂರು ಬೇರೆ ಬೇರೆ ಅಳತೆ ಬಂತು. ಶ್ರುತಿ ಒಂದು ನಿಗದಿತ ಅಳತೆ ಅಂತ ನಂಬಿದವರಿಗೆ ಇಲ್ಲಿ ಲೆಕ್ಕ ಮುರಿಯುತ್ತೆ.

ಹಾಗಾದ್ರೆ ಇಪ್ಪತ್ತೆರಡೂ ಸಮ ಅಂತ ಹಿಡಿದರೆ? ಒಂದೊಂದಕ್ಕೆ 54.5 ಸೆಂಟ್. ಹದಿಮೂರು ಶ್ರುತಿಯ ಪಂಚಮ 709ಕ್ಕೆ ಬರುತ್ತೆ, ಏಳು ಸೆಂಟ್ ಹೆಚ್ಚು. ಏಳು ಏನು ಮಹಾ ಅನ್ನಬೇಡಿ. ಷಡ್ಜ 220 ಹರ್ಟ್ಸ್ ಇದ್ದಾಗ ಈ ಪಂಚಮದ ಜೊತೆ ಮೀಟಿದರೆ ಸೆಕೆಂಡಿಗೆ ಸುಮಾರು ಮೂರು ಸಲ ವಾವ್ ವಾವ್ ಅಂತ ಅಲೆ ಏಳುತ್ತೆ. ಅದನ್ನೀಗ ಕೇಳಿಸ್ತೀನಿ, ಮೊದಲು ಶುದ್ಧ ಪಂಚಮ, ಆಮೇಲೆ ಈ ಪಂಚಮ.

[ಎರಡು ಧ್ವನಿ ತುಣುಕುಗಳು]

ತಂಬೂರಿ ಈ ಥರ ಇದ್ದರೆ ಯಾವ ಗಾಯಕರೂ ಬಾಯಿ ತೆರೆಯಲ್ಲ.

ವಿದ್ವಾಂಸರ ಜಗಳ ಇರೋದು ಇಲ್ಲೇ. ಒಂದು ಗುಂಪು ಶ್ರುತಿ ಮೂರು ಗಾತ್ರದ್ದು ಅನ್ನುತ್ತೆ: 22, 70, 90. ಹತ್ತು, ಐದು, ಏಳರಂತೆ ಹಾಕಿದರೆ ದಶಮಾಂಶ ಹಿಡಿದು 1200ಕ್ಕೆ ಸರಿಯಾಗುತ್ತೆ. ಇನ್ನೊಂದು ಗುಂಪು, ಭರತನಿಗೆ ಸೆಂಟ್ ಗೊತ್ತಿರಲಿಲ್ಲ, ಕಿವಿಯಲ್ಲಿ ಸುಮಾರಾಗಿ ಸಮ ಅನ್ನಿಸಿದ್ದನ್ನ ಎಣಿಸಿದ ಅನ್ನುತ್ತೆ. ನನಗೆ ಹೆಚ್ಚು ಒಪ್ಪಿಗೆಯಾಗೋದು ಇನ್ನೊಂದು ಓದು. ಎರಡು ಗ್ರಾಮ, ಯಾವ ಸ್ವರಕ್ಕೆ ಯಾವುದು ಸಂವಾದಿ, ಇಷ್ಟನ್ನೂ ಒಂದೇ ಖಾತೆಯಲ್ಲಿ ಬರೆಯೋಕೆ ಬೇಕಾದ ಎಣಿಕೆ ಅದು. ಸಾಲಾಗಿ ಹಾಡೋಕೆ ಮಾಡಿದ ಸ್ವರಪಟ್ಟಿಯಲ್ಲ. ಹದಿಮೂರನೇ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವ ಇಪ್ಪತ್ತೆರಡು ತಂತಿಗಳನ್ನ ಒಂದರ ಮೇಲೊಂದು ಏರಿಸಿಕೊಂಡು ಹೋಗಿ ಅಂತ ಬರೆದ ಮೇಲೆ ಅದು ಪಟ್ಟಿಯಾಯಿತು. ಅದಕ್ಕೂ ಮುಂಚೆ ಮತಂಗನ ಬೃಹದ್ದೇಶಿಯಲ್ಲೇ ಶ್ರುತಿ ಒಂದೇ ಅನ್ನೋರು, ಅರವತ್ತಾರು ಅನ್ನೋರು, ಅನಂತ ಅನ್ನೋರು ಎಲ್ಲ ಇದ್ದಾರೆ. ಜಗಳ ಹೊಸದಲ್ಲ.

ಮತ್ತೆ ನಾನು ಹೇಳಿದ್ದ ಆ 22 ಎಲ್ಲಿಂದ ಬಂತು? ಅದು ಬೇರೆಯದೇ ಲೆಕ್ಕ. ಇವತ್ತಿನ ಹನ್ನೆರಡು ಸ್ವರಸ್ಥಾನದಲ್ಲಿ ಸ-ಪ ಎರಡನ್ನ ಬಿಡಿ. ಉಳಿದ ಹತ್ತಕ್ಕೆ, ಪ್ರತಿಯೊಂದಕ್ಕೂ ಸ್ವಲ್ಪ ಕೆಳಗಿನದು, ಸ್ವಲ್ಪ ಮೇಲಿನದು ಅಂತ ಎರಡೆರಡು ರೂಪ ಕೊಡಿ. ಇಪ್ಪತ್ತಾಯ್ತು. ಸ, ಪ ಸೇರಿಸಿ. ಇಪ್ಪತ್ತೆರಡು! ಪಾಠಪುಸ್ತಕದಲ್ಲಿ ಭಿನ್ನರಾಶಿಗಳ ಜೊತೆ ಬರೋ ಪಟ್ಟಿ ಇದೇ. ಮೊತ್ತ ಒಂದೇ ಬಂತು ಅಂತ ಖಾತೆಯೂ ಒಂದೇ ಅಂದುಕೊಂಡ್ವಿ. ಆದರೆ ಭರತನ ಲೆಕ್ಕ ಶುರುವಾಗೋದೇ ಪಂಚಮವನ್ನ ಅಲ್ಲಾಡಿಸೋದರಿಂದ. ಈ ಪಟ್ಟಿ ಶುರುವಾಗೋದು ಪಂಚಮ ಅಲ್ಲಾಡಲ್ಲ ಅನ್ನೋದರಿಂದ.

ಮಧ್ಯದಲ್ಲಿ ಆಗಿದ್ದೇನಂದ್ರೆ ವಾದ್ಯವೇ ಬದಲಾಯ್ತು. 1550ರಲ್ಲಿ ವಿಜಯನಗರದ ರಾಮಾಮಾತ್ಯ ಸ್ವರಮೇಳಕಲಾನಿಧಿ ಬರೆಯೋ ಹೊತ್ತಿಗೆ ಅವನ ಮುಂದಿದ್ದದ್ದು ಮೆಟ್ಟಿಲಿದ್ದ ವೀಣೆ. ಒಂದು ಮೆಟ್ಟಿಲು ಎಲ್ಲ ತಂತಿಗಳ ಕೆಳಗೂ ಹಾದು ಹೋಗುತ್ತೆ, ತಂತಿಗೊಂದು ಸೂಕ್ಷ್ಮ ಅಂತ ಇಡೋಕಾಗಲ್ಲ. ಈಗಿನ ಸರಸ್ವತಿ ವೀಣೆಯಲ್ಲಿ ಎರಡು ಸ್ಥಾಯಿಗೆ ಇಪ್ಪತ್ನಾಲ್ಕು ಮೆಟ್ಟಿಲು, ಸ್ಥಾಯಿಗೆ ಹನ್ನೆರಡು. ನಮ್ಮ ಮನೆಮಾತಲ್ಲಿ ಶ್ರುತಿ ಅಂದ್ರೆ ಆಧಾರ ಷಡ್ಜ. ಶ್ರುತಿಪೆಟ್ಟಿಗೆ ಅಂತೀವಲ್ಲ, ಅದರಲ್ಲಿ ಇಪ್ಪತ್ತೆರಡನ್ನ ಯಾರೂ ಹುಡುಕಲ್ಲ.

ಆದರೂ ಪುಸ್ತಕದ 22 ಬಿಡಲಿಲ್ಲ. ನಿವೃತ್ತ ಡೆಪ್ಯುಟಿ ಕಲೆಕ್ಟರ್ ಕೆ. ಬಿ. ದೇವಲ್ 1910ರಲ್ಲಿ ಇದರ ಮೇಲೆ ಪುಸ್ತಕ ತಂದರು. ಅವರ ಅಳತೆಗೆ ಹಾಡಿಕೊಟ್ಟವರು ಅಬ್ದುಲ್ ಕರೀಂ ಖಾನ್, ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರು. ಐಸಿಎಸ್ ಅಧಿಕಾರಿ ಕ್ಲೆಮೆಂಟ್ಸ್ ಜೊತೆ ಸೇರಿ ಇಪ್ಪತ್ತೆರಡು ಶ್ರುತಿಯ ಹಾರ್ಮೋನಿಯಂ ಕೂಡ ಆಯ್ತು. 1916ರ ಬರೋಡಾ ಸಮ್ಮೇಳನದಲ್ಲಿ ಇದರ ಬಗ್ಗೆ ಜೋರು ಚರ್ಚೆ ನಡೆಯಿತು. ಇವತ್ತು ಕಛೇರಿಗಳಲ್ಲಿ ಆ ವಾದ್ಯ ಕಾಣಲ್ಲ.

ಆಮೇಲೆ ಬಂದವರು ಪ್ರಶ್ನೆಯನ್ನ ತಿರುಗಿಸಿದರು. ಗ್ರಂಥ ಏನು ಹೇಳುತ್ತೆ ಬಿಡಿ, ಹಾಡೋರು ಏನು ಹಾಡ್ತಾರೆ ಅಳೆಯೋಣ. 1963ರಲ್ಲಿ ಜೈರಾಜಭಾಯ್ ಮತ್ತು ಸ್ಟೋನ್ ಹಿಂದೂಸ್ತಾನಿ ಕಲಾವಿದರನ್ನ ಅಳೆದಾಗ, ಒಂದೇ ಸ್ವರ ಕಲಾವಿದರಿಂದ ಕಲಾವಿದರಿಗೆ ಬೇರೆ ಬಂತು. ಒಬ್ಬರದೇ ಒಂದೇ ನುಡಿಸಾಣಿಕೆಯಲ್ಲೂ ಬೇರೆ ಬಂತು. ಇದನ್ನ ಕೇಳಿ "ನೋಡಿ, ಶ್ರುತಿಯೆಲ್ಲ ಸುಳ್ಳು" ಅನ್ನೋರಿದ್ದಾರೆ. ಅದೂ ಆತುರವೇ. ದರ್ಬಾರಿಯ ಕೋಮಲ ಗಾಂಧಾರ ತೂಗುತ್ತಾ ಕೆಳಗೆ ಎಳೆಯುತ್ತೆ ಅನ್ನೋದು ಹಾಡೋರಿಗೂ ಗೊತ್ತು, ಕೇಳೋರಿಗೂ ಗೊತ್ತು. ಅದು ಇಷ್ಟೇ ಸೆಂಟಲ್ಲಿ ನಿಲ್ಲುತ್ತೆ ಅನ್ನೋದಷ್ಟೇ ನಿಲ್ಲದ ಮಾತು.

ನಾನೂ ಮೇಷ್ಟ್ರ ಮನೆಗೆ ಹೋಗಿ ತೋಡಿ ನುಡಿಸಿಕೊಂಡು ಬಂದು ಸಾಫ್ಟ್‌ವೇರ್‌ನಲ್ಲಿ ಗೆರೆ ಬಿಡಿಸಿದೆ. ತೋಡಿಗೆ ಸಾಧಾರಣ ಗಾಂಧಾರ ಅಂತ ಪುಸ್ತಕ ಹೇಳುತ್ತೆ. ಗೆರೆ ನೋಡಿದರೆ ರಿಷಭದ ಹತ್ತಿರದಿಂದ ಮಧ್ಯಮದ ಹತ್ತಿರಕ್ಕೆ ಉಯ್ಯಾಲೆ. ಮಧ್ಯದಲ್ಲಿ ನಿಂತ ಜಾಗ ಇಲ್ಲವೇ ಇಲ್ಲ. ಆ ಉಯ್ಯಾಲೆಯ ಸರಾಸರಿ ತೆಗೆದು "ಗಾಂಧಾರ ಇಷ್ಟು ಸೆಂಟ್" ಅಂತ ಬರೆಯಬಹುದು. ಬಸ್ಸು ಮೈಸೂರಿಂದ ಬೆಂಗಳೂರಿಗೆ ಓಡಾಡುತ್ತೆ, ಹಾಗಾಗಿ ಅದರ ಸ್ಟಾಪು ಮದ್ದೂರು ಅಂದ ಹಾಗೆ ಅದು. ಅಳೆಯಬೇಕಾದ್ದು ಎಲ್ಲಿಂದ ಹೊರಟಿತು, ಎಲ್ಲಿ ತಿರುಗಿತು, ಎಷ್ಟು ಬೇಗ ಅನ್ನೋದನ್ನ. ಇಪ್ಪತ್ತೆರಡರ ಪಟ್ಟಿಯಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.

ಹಳೇ ಸಂಚಿಕೆಯನ್ನ ತೆಗೆದಿಲ್ಲ. ಆ ಮಾತು ಬರೋ ಜಾಗದಲ್ಲಿ ಈ ಸಂಚಿಕೆಯ ಕೊಂಡಿ ಹಾಕಿದ್ದೀನಿ. ಗೆರೆಯ ಚಿತ್ರವನ್ನ ಮೇಷ್ಟ್ರಿಗೂ ಕಳಿಸಿದೆ. ಬಹಳ ಹೊತ್ತು ನೋಡಿ, "ಮೂರನೇ ಸಲ ಮಧ್ಯಮ ಮುಟ್ಟಿಲ್ಲ ನಾನು, ಬೆರಳು ಸೋತಿದೆ. ನಾಳೆ ಬಾ, ಮತ್ತೆ ನುಡಿಸ್ತೀನಿ" ಅಂದ್ರು.