ಗುಟ್ಟು ಹೊರಬಿದ್ದ ಮೇಲಿನ ಪತ್ರ

ಗೆಳತಿ ನಂಬಿ ಹೇಳಿದ ಮಾತನ್ನು ಇನ್ನೊಬ್ಬರ ಕಿವಿಗೆ ಹಾಕಿದ ಮೇಲೆ ಬರೆಯುವ ಕ್ಷಮಾಪಣೆ ಪತ್ರ ಉಳಿದ ಕ್ಷಮಾಪಣೆಗಳಂತಲ್ಲ. ಒಡೆದ ಪಾತ್ರೆಗೆ ಬದಲಿ ಪಾತ್ರೆ ಕೊಡಬಹುದು. ಆಡಿದ ಮಾತನ್ನು ವಾಪಸು ತರಲಾಗದು. ಆದ್ದರಿಂದ ಯಾರಿಗೆ, ಎಷ್ಟು ತಿಳಿದಿದೆ ಎಂದು ತಿಳಿಸುವುದೇ ಈ ಪತ್ರದ ಮೊದಲ ಕೆಲಸ.

ಮಗಳ ನಿಶ್ಚಿತಾರ್ಥ ಮುರಿದದ್ದನ್ನು ತಾಯಿಯೊಬ್ಬಳು ಗೆಳತಿಗೆ ಮಾತ್ರ ಹೇಳಿರುತ್ತಾಳೆ. ಆ ಗೆಳತಿ ಯಾವುದೋ ಮದುವೆಮನೆಯ ಊಟದ ಪಂಕ್ತಿಯಲ್ಲಿ ಅದನ್ನು ಇಬ್ಬರಿಗೆ ಹೇಳಿಬಿಡುತ್ತಾಳೆ. ಪತ್ರದಲ್ಲಿ "ಬಾಯಿತಪ್ಪಿ ಬಂತು" ಎಂದಷ್ಟೇ ಇದ್ದರೆ, ಊರಿಗೆಲ್ಲ ಗೊತ್ತಾಗಿದೆಯೇನೋ ಎಂಬ ಅಂಜಿಕೆ ತಾಯಿಗೆ ಉಳಿಯುತ್ತದೆ. "ನಿನ್ನ ವಾರಗಿತ್ತಿಗೂ ಪಕ್ಕದ ಮನೆಯವರಿಗೂ ಹೇಳಿದೆ. ನಡೆದದ್ದನ್ನು ಹೇಳಿದೆ, ಕಾರಣ ಹೇಳಲಿಲ್ಲ" ಎಂದಿದ್ದರೆ, ಯಾರೆದುರು ಹೇಗಿರಬೇಕೆಂದು ಆಕೆಗೆ ತಿಳಿಯುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಪತ್ರದಲ್ಲಿ ಗುಟ್ಟಿನ ಹೆಸರೆತ್ತಬಾರದು. ಮನೆಗೆ ಬಂದ ಕಾಗದವನ್ನು ಮಾವನೋ ಮಗಳೋ ಮೊದಲು ಒಡೆದು ಓದಬಹುದು. "ನೀನು ಆ ದಿನ ಹೇಳಿದ ವಿಷಯ" ಎಂದರೆ ಸಾಕು.

ಪತ್ರ ಕೆಡುವುದು ಹೆಚ್ಚಾಗಿ ಸಮಜಾಯಿಷಿಯಿಂದ. "ನಿನ್ನ ಒಳ್ಳೆಯದಕ್ಕೇ ಹೇಳಿದೆ", "ಬೇಜಾರಾಗಿದ್ದರೆ ಕ್ಷಮಿಸು" ಎಂಬ ಮಾತುಗಳು ತಪ್ಪನ್ನು ಓದುವವಳ ಮೇಲೆಯೇ ಹೊರಿಸುತ್ತವೆ. "ಹೇಳಬಾರದಿತ್ತು, ಹೇಳಿದೆ" ಎಂಬ ಒಂದು ಸಾಲು ಅವೆಲ್ಲಕ್ಕಿಂತ ನೆಟ್ಟಗಿದೆ.

ಕೇಳಿದ ಆ ಇಬ್ಬರ ಬಾಯಿ ಮುಚ್ಚಿಸಲು ಓಡುವುದು ಸಹಜ. ಆದರೆ ಮತ್ತೆ ಮತ್ತೆ ಎತ್ತಿದಷ್ಟೂ ಮಾತಿಗೆ ರೆಕ್ಕೆ ಮೂಡುತ್ತದೆ. ಅವರೊಂದಿಗೆ ಮಾತಾಡಬೇಕೋ ಬೇಡವೋ ಎಂಬುದನ್ನು ಪತ್ರದಲ್ಲೇ ಗೆಳತಿಯನ್ನು ಕೇಳಿ, ಆಕೆ ಹೇಳಿದಂತೆ ನಡೆಯುವುದು ಲೇಸು. ಉತ್ತರಕ್ಕೆ ಗಡುವು ಇಡಬಾರದು. ಉತ್ತರ ಬಾರದಿರಲೂಬಹುದು.