ಪಾದೋದಕದಲ್ಲಿ ಮಾತ್ರೆ ಬೆರೆಸುವುದು ಬೇಡ
(ಸಂತೆಮರಹಳ್ಳಿಯಲ್ಲಿ ಆಡಿದ ಮಾತುಗಳು)



ಮರೆವಿನ ಕಾಯಿಲೆಯ ಹಿರಿಯರು ಮಾತ್ರೆ ಒಲ್ಲೆ ಅಂದರೆ ನಮ್ಮ ಕಡೆ ಒಂದು ಉಪಾಯ ಹೇಳುತ್ತಾರೆ: ಪುಡಿ ಮಾಡಿ ಪಾದೋದಕದಲ್ಲೋ ಪ್ರಸಾದದಲ್ಲೋ ಬೆರೆಸಿಬಿಡಿ. ನಮ್ಮ ಅತ್ತೆಯವರ ವಿಷಯದಲ್ಲೂ ಹಾಗೇ ಹೇಳಿದರು. ನಾನು ಒಪ್ಪಲಿಲ್ಲ. ಬಹುಪಾಲು ಮರೆತವರು ಇನ್ನೂ ನಂಬಿ ಬಾಯಿಗಿಡುವುದು ಅದನ್ನೇ. ಕಹಿ ತಿಳಿದ ದಿನ ಪ್ರಸಾದವನ್ನೂ ಅನ್ನವನ್ನೂ ದೂರ ತಳ್ಳುತ್ತಾರೆ. ಔಷಧದ ಕಡೆಯಿಂದಲೂ ಅಪಾಯವಿದೆ. ಮಾತ್ರೆಯ ಹೆಸರಿನ ಮುಂದೆ ಎಸ್.ಆರ್. ಎಂದಿದ್ದರೆ ಅದು ನಿಧಾನವಾಗಿ ಕರಗಬೇಕಾದದ್ದು. ಪುಡಿ ಮಾಡಿದರೆ ದಿನವಿಡೀ ಸೇರಬೇಕಾದ ಔಷಧ ಒಟ್ಟಿಗೇ ಸೇರುತ್ತದೆ.

ಅತ್ತೆಯವರಿಗೆ ಬಿ.ಪಿ.ಗೆ ಅಮ್ಲೋಡಿಪಿನ್, ಸಕ್ಕರೆಗೆ ಮೆಟ್‌ಫಾರ್ಮಿನ್. ಬೆಳಿಗ್ಗೆ ಸ್ನಾನದ ಗಡಿಬಿಡಿಯಲ್ಲಿ ಕೊಟ್ಟರೆ ‘ವಿಷ ಹಾಕ್ತೀಯಾ’ ಎಂದು ಉಗುಳುತ್ತಿದ್ದರು. ಒಂದು ವಾರ ಗಮನಿಸಿದೆ. ಶಿವಪೂಜೆ, ತಿಂಡಿ ಮುಗಿಸಿ ಜಗಲಿಯಲ್ಲಿ ಕೂತಾಗ, ಸುಮಾರು ಒಂಬತ್ತು ಗಂಟೆಗೆ, ಅವರ ಮನಸ್ಸು ಶಾಂತ. ಡಾಕ್ಟರನ್ನು ಕೇಳಿದೆ. ಬಿ.ಪಿ. ಮಾತ್ರೆ ದಿನಾ ಒಂದೇ ಹೊತ್ತಿಗಾದರೆ ಸಾಕು, ಸಕ್ಕರೆಯದು ತಿಂಡಿಯಾದ ಮೇಲೇ ಒಳ್ಳೆಯದು ಎಂದರು. ಬೇಡವಾದ ಒಂದೆರಡು ಮಾತ್ರೆಗಳನ್ನು ಅವರೇ ನಿಲ್ಲಿಸಿದರು.

‘ಮಾತ್ರೆ ತಗೋತೀರಾ?’ ಎಂದು ನಾನು ಕೇಳುವುದಿಲ್ಲ. ‘ಬೇಡ’ ಅಂದರೆ ಮಾತು ಅಲ್ಲಿಗೇ ಮುಗಿಯಿತು. ಪಕ್ಕದಲ್ಲಿ ಕೂತು, ಅವರ ಕಣ್ಣೆದುರೇ ಪಟ್ಟಿಯಿಂದ ಒಂದನ್ನು ಬಿಡಿಸಿ, ‘ಅವ್ವ, ಇದು ನಿಮ್ಮ ಬಿ.ಪಿ. ಮಾತ್ರೆ. ನೀರಲ್ಲಿ ನುಂಗ್ತೀರಾ, ಮಜ್ಜಿಗೇಲಾ?’ ಎನ್ನುತ್ತೇನೆ. ಅಂಗೈಗೆ ಕೊಡುತ್ತೇನೆ, ಬಾಯಿಗೆ ತುರುಕುವುದಿಲ್ಲ. ಗಂಟಲಲ್ಲಿ ಇಳಿಯದಿದ್ದರೆ ಬಾಳೆಹಣ್ಣಿನ ಹೋಳಿನ ಮೇಲೆ, ಅವರಿಗೆ ಹೇಳಿಯೇ, ಇಟ್ಟುಕೊಡುತ್ತೇನೆ.

ಒಮ್ಮೆ, ‘ನಿಮ್ಮ ಮಾವ ತಗೊಂಡ್ರಾ?’ ಎಂದರು. ಮಾವ ಲಿಂಗೈಕ್ಯರಾಗಿ ವರ್ಷಗಳಾಗಿವೆ. ಹೌದು ಅಂದಿದ್ದರೆ ಕೆಲಸ ಸುಲಭ. ‘ಮಾವನಿಗೂ ಬಿ.ಪಿ. ಇತ್ತಲ್ಲವ್ವ, ಅವರೂ ದಿನಾ ನುಂಗ್ತಿದ್ರು’ ಅಂದೆ. ಅದು ನಿಜ. ಅವರು ಅವರ ಸುದ್ದಿ ಹೇಳುತ್ತಲೇ ನುಂಗಿದರು.

ಕೆಲವು ದಿನ ಇಷ್ಟಾದರೂ ಆಗುವುದಿಲ್ಲ. ಆಗ ವಾದಿಸದೆ ಎದ್ದುಹೋಗಿ ಅರ್ಧ ಗಂಟೆ ಬಿಟ್ಟು ಬರುತ್ತೇನೆ. ಕೆಲವೊಮ್ಮೆ ನನ್ನ ಬದಲು ಮೊಮ್ಮಗಳು ಹೋಗುತ್ತಾಳೆ. ತಪ್ಪಿದ ಮಾತ್ರೆಗೆ ಮರುದಿನ ಎರಡು ಕೊಡುವುದಿಲ್ಲ. ನುಂಗಿದರೋ ಕೆನ್ನೆಯ ಸಂದಿಯಲ್ಲಿಟ್ಟರೋ ನೋಡಬೇಕು. ಒಂದು ಮಾತಾಡಿಸಿದರೆ ಗೊತ್ತಾಗುತ್ತದೆ. ನುಂಗುವಾಗ ಕೆಮ್ಮಿದರೆ ಡಾಕ್ಟರಿಗೆ ತಿಳಿಸಬೇಕು. ಇದ್ದಕ್ಕಿದ್ದಂತೆ ಒಲ್ಲೆ ಅನ್ನತೊಡಗಿದರೆ ಹಲ್ಲುನೋವು, ಬಾಯಿಹುಣ್ಣು, ಮಲಬದ್ಧತೆ ಇವೆಯೇ ನೋಡಿ. ಅವರಿಗೆ ಅದನ್ನು ಹೇಳಲು ಬರುವುದಿಲ್ಲ.

ಫಿಟ್ಸ್ ಮಾತ್ರೆಯಂಥದ್ದು ಒಂದು ಹೊತ್ತೂ ತಪ್ಪಬಾರದು. ಯಾವುದು ತಪ್ಪಿದರೆ ತಕ್ಷಣ ಫೋನ್ ಮಾಡಬೇಕೆಂದು ಡಾಕ್ಟರಿಂದ ಮೊದಲೇ ಬರೆಸಿಕೊಳ್ಳಿ. ಬೇರೆ ದಾರಿಯೇ ಇಲ್ಲದೆ ಆಹಾರದಲ್ಲಿ ಬೆರೆಸಬೇಕಾಗಿ ಬಂದರೂ ಅದನ್ನು ಡಾಕ್ಟರು ಮತ್ತು ಮನೆಯವರೆಲ್ಲ ಕೂತು ತೀರ್ಮಾನಿಸಲಿ. ಅಡುಗೆಮನೆಯಲ್ಲಿ ಒಬ್ಬಳೇ ತೀರ್ಮಾನಿಸುವುದಲ್ಲ. ಆಗಲೂ ಪಾದೋದಕದಲ್ಲಿ ಬೇಡ.